ಜಿಡ್ಡು ಮೊದಲು, ಹುಳಿ ಆಮೇಲೆ

ಪೂಜೆಯ ಹಿತ್ತಾಳೆ, ಬೆಳ್ಳಿ ಸಾಮಾನುಗಳೇ ಹಬ್ಬದ ಅಲಂಕಾರವಾಗುವ ಬಗೆ

ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂತೆಂದರೆ ಹಳ್ಳಿಯ ಹಿತ್ತಿಲಲ್ಲೂ ಬೆಂಗಳೂರಿನ ಫ್ಲ್ಯಾಟಿನ ಯುಟಿಲಿಟಿಯಲ್ಲೂ ಹುಣಸೆಹಣ್ಣು ನೆನೆಯತೊಡಗುತ್ತದೆ. ಅಟ್ಟದಿಂದ ದೀಪದ ಕಂಬ ಇಳಿಯುತ್ತದೆ, ಬೀರುವಿನಿಂದ ಬೆಳ್ಳಿಯ ಗಂಟು ಹೊರಬರುತ್ತದೆ. ಈ ಸಾಮಾನುಗಳು ದೇವರ ಕೋಣೆಯಲ್ಲಿ ಮಾತ್ರ ಉಳಿಯುವುದಿಲ್ಲ. ಅಮ್ಮನವರನ್ನು ಕೂರಿಸುವುದು ಸಾಮಾನ್ಯವಾಗಿ ಹಜಾರದಲ್ಲಿ. ಅರಿಶಿನ ಕುಂಕುಮಕ್ಕೆ ಬಂದ ಮುತ್ತೈದೆಯರೆಲ್ಲ ಕೂತು ನೋಡುವುದು ಅದನ್ನೇ. ಕಲಶ, ದೀಪ, ಹರಿವಾಣ, ಪನ್ನೀರುದಾನಿ ಎಲ್ಲವೂ ಪೂಜೆಗೂ ಬೇಕು, ನೋಟಕ್ಕೂ ಬೇಕು. ಇವು ಚೆನ್ನಾಗಿ ಹೊಳೆದರೆ ಥರ್ಮಕೋಲಿನ ಮಂಟಪಕ್ಕೋ ಪ್ಲಾಸ್ಟಿಕ್ ಹೂವಿನ ತೋರಣಕ್ಕೋ ದುಡ್ಡು ಸುರಿಯಬೇಕಾಗಿಲ್ಲ.

ಆದರೆ ಎರಡು ದೂರು ಪ್ರತಿವರ್ಷ ಕೇಳಿಬರುತ್ತವೆ. ಬುಧವಾರ ಬೆಳಗಿಟ್ಟ ಹಿತ್ತಾಳೆ ದೀಪ ಶುಕ್ರವಾರಕ್ಕೆ ಮತ್ತೆ ಕೆಂಪಗೆ, ಮಂಕಾಗಿ ಕಾಣುತ್ತದೆ ಎಂಬುದು ಒಂದು. ಶನಿವಾರ ಸೀರೆ ಬಿಚ್ಚಿದಾಗ ಬೆಳ್ಳಿ ಕಲಶದ ಕುತ್ತಿಗೆಯಲ್ಲಿ ಕಪ್ಪು ಗೆರೆ ಮೂಡಿರುತ್ತದೆ ಎಂಬುದು ಇನ್ನೊಂದು. ಇನ್ನಷ್ಟು ಜೋರಾಗಿ ಉಜ್ಜಿದರೆ ಇವು ನಿಲ್ಲುವುದಿಲ್ಲ. ಯಾವ ಕೊಳೆಯನ್ನು ಯಾವಾಗ, ಯಾವುದರಿಂದ ತೆಗೆಯಬೇಕು ಎಂಬ ಕ್ರಮ ಹಿಡಿದರೆ ನಿಲ್ಲುತ್ತವೆ.

ಸಾಧಾರಣ ಮನೆಯೊಂದರ ಸಾಮಾನನ್ನೇ ಇಟ್ಟುಕೊಂಡು ನೋಡೋಣ. ಒಂದೂವರೆ ಅಡಿ ಎತ್ತರದ ಜೋಡಿ ಹಿತ್ತಾಳೆ ದೀಪದ ಕಂಬ, ಒಂದು ಹಿತ್ತಾಳೆ ಉರುಳಿ, ಹರಿವಾಣ, ಗಂಟೆ, ಅಜ್ಜಿಯ ಕಾಲದ ಒಂದು ಬಿಂದಿಗೆ. ಬೆಳ್ಳಿಯಲ್ಲಿ ಕಲಶದ ಚೊಂಬು, ಅಮ್ಮನವರ ಮುಖ, ಅರಿಶಿನ ಕುಂಕುಮದ ಬಟ್ಟಲು, ಪಂಚಪಾತ್ರೆ ಉದ್ಧರಣೆ, ಪನ್ನೀರುದಾನಿ. ಹಬ್ಬ ಶುಕ್ರವಾರ. ಕೆಲಸ ಮಂಗಳವಾರ ಶುರು ಮಾಡಿದರೆ ಆತುರವಿಲ್ಲದೆ ಮುಗಿಯುತ್ತದೆ.

ಮಂಗಳವಾರ: ನೀರು ಮುಟ್ಟುವ ಮೊದಲು ವಿಂಗಡಣೆ

ಎಲ್ಲವನ್ನೂ ಒಂದೇ ಬಕೆಟ್ಟಿಗೆ ಹಾಕುವುದರಿಂದಲೇ ಅರ್ಧ ಹಾನಿ ಆಗುತ್ತದೆ. ಮೊದಲು ಒಂದು ಹಳೆಯ ಪಂಚೆ ಹಾಸಿ ಸಾಮಾನುಗಳನ್ನು ಹರವಿ, ಒಂದೊಂದನ್ನೂ ಕೈಗೆತ್ತಿಕೊಂಡು ನೋಡಬೇಕು.

ಹಿತ್ತಾಳೆ ಎಂದುಕೊಂಡದ್ದೆಲ್ಲ ಹಿತ್ತಾಳೆ ಆಗಿರುವುದಿಲ್ಲ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತವನ್ನು ತಾಗಿಸಿ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಣ, ಅದಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಅಂಟಿಕೊಂಡರೆ ಒಳಗೆ ಕಬ್ಬಿಣವಿದೆ, ಮೇಲೆ ಬರೀ ಲೇಪ. ಅಂಥದ್ದಕ್ಕೆ ಹುಳಿ ಹಾಕಿ ತಿಕ್ಕಿದರೆ ಲೇಪ ಹೋಗಿ ತುಕ್ಕು ಹಿಡಿಯುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಸಾಕು.

ಇನ್ನೊಂದು ಬಗೆ, ಅಂಗಡಿಯಿಂದ ಈಚೆಗೆ ತಂದ ಅಲಂಕಾರದ ಹಿತ್ತಾಳೆ. ಬಣ್ಣ ಮಾಸದಿರಲೆಂದು ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ವಾರ್ನಿಷಿನಂಥ ಪಾರದರ್ಶಕ ಲ್ಯಾಕರ್ ಬಳಿದಿರುತ್ತಾರೆ. ಗುರುತಿಸುವುದು ಸುಲಭ. ತಳದಲ್ಲಿ ಕಾಣದ ಜಾಗಕ್ಕೆ ಒಂದು ತೊಟ್ಟು ಹುಣಸೆಹುಳಿ ಹಚ್ಚಿ ಎರಡು ನಿಮಿಷ ಬಿಡಿ. ಬರಿಯ ಹಿತ್ತಾಳೆಯಾದರೆ ಆ ಜಾಗ ತಿಳಿಯಾಗುತ್ತದೆ. ಏನೂ ಬದಲಾಗದಿದ್ದರೆ ಲ್ಯಾಕರ್ ಇದೆ ಎಂದು ಅರ್ಥ. ಅದು ಗಟ್ಟಿಯಾಗಿರುವ ತನಕ ಬೆಚ್ಚಗಿನ ಸೋಪಿನ ನೀರು ಮಾತ್ರ ಸಾಕು. ಅಲ್ಲಲ್ಲಿ ಸಿಪ್ಪೆ ಎದ್ದು, ಸಿಪ್ಪೆ ಎದ್ದ ಕಡೆ ಮಾತ್ರ ಕಪ್ಪಾಗಿ ಚುಕ್ಕೆ ಚುಕ್ಕೆ ಕಾಣುತ್ತಿದ್ದರೆ, ಉಗುರುಬಣ್ಣ ತೆಗೆಯುವ ಅಸಿಟೋನನ್ನು ಹತ್ತಿಯಲ್ಲಿ ಅದ್ದಿ, ಕಿಟಕಿ ತೆರೆದಿಟ್ಟು, ಬೆಂಕಿಯಿಂದ ದೂರ ಕೂತು ಪೂರ್ತಿ ಒರೆಸಿ ತೆಗೆಯಬೇಕು. ಆಮೇಲೆ ಅದನ್ನೂ ಬೇರೆ ಹಿತ್ತಾಳೆಯಂತೆಯೇ ಬೆಳಗಬಹುದು. ಬತ್ತಿ ಉರಿಸುವ ದೀಪಕ್ಕಂತೂ ಲ್ಯಾಕರ್ ಇರಲೇಬಾರದು, ಶಾಖಕ್ಕೆ ಅದು ಸುಟ್ಟು ಕಂದಾಗುತ್ತದೆ.

ಬೆಳ್ಳಿಯಲ್ಲೂ ಹೀಗೆಯೇ ಭೇದಗಳಿವೆ. ಜರ್ಮನ್ ಸಿಲ್ವರ್ ಎಂದು ಮಾರುವ ಲೋಹದಲ್ಲಿ ಇರುವುದು ತಾಮ್ರ, ಸತು, ನಿಕ್ಕಲ್. ಹೆಸರಿನಲ್ಲಿ ಬಿಟ್ಟರೆ ಅದರೊಳಗೆ ಬೆಳ್ಳಿ ಇಲ್ಲ, ಕೆಲವಕ್ಕೆ ಮೇಲೆ ತೆಳುವಾದ ಬೆಳ್ಳಿ ಮುಲಾಮು ಇರುತ್ತದೆ ಅಷ್ಟೆ. ಮುಲಾಮಿನ ಸಾಮಾನನ್ನು ಪುಡಿ ಹಾಕಿ ಉಜ್ಜಿದಷ್ಟೂ ಸವೆಯುತ್ತದೆ. ಅಂಚುಗಳಲ್ಲಿ, ಉಬ್ಬಿದ ಜಾಗಗಳಲ್ಲಿ ಹಳದಿಯೋ ಕೆಂಪೋ ಇಣುಕುತ್ತಿದ್ದು, ತೊಳೆದರೂ ಹೋಗದಿದ್ದರೆ ಅದು ಕೊಳೆಯಲ್ಲ, ಕೆಳಗಿನ ಲೋಹ. ಅದನ್ನು ಮತ್ತೆ ಉಜ್ಜಬೇಡಿ.

ಅಚ್ಚ ಬೆಳ್ಳಿಯದೇ ಆದರೂ ನೀರಿನಲ್ಲಿ ಮುಳುಗಿಸಬಾರದ ಮೂರು ಬಗೆಯ ಸಾಮಾನುಗಳಿವೆ. ಕೆಂಪು ಹಸಿರು ಹರಳು ಕೂರಿಸಿದ, ಕಣ್ಣಿಗೆ ಬಣ್ಣ ತುಂಬಿದ ಅಮ್ಮನವರ ಮುಖ ಮೊದಲನೆಯದು. ಹರಳನ್ನು ಹಿಡಿದಿರುವುದು ಅಂಟು, ಬಿಸಿನೀರಿಗೆ ಅದು ಬಿಟ್ಟುಕೊಳ್ಳುತ್ತದೆ. ಎರಡನೆಯದು, ತೆಳು ತಗಡಿನಲ್ಲಿ ಮಾಡಿ ಒಳಗೆ ಅರಗು ತುಂಬಿದ ಮೂರ್ತಿ. ಗಾತ್ರ ನೋಡಿದರೆ ಭಾರ, ಬಡಿದರೆ ಟೊಳ್ಳಿನ ನಾದವಿಲ್ಲ, ತಳದಲ್ಲಿ ಕಂದು ಬಣ್ಣದ ಗಟ್ಟಿ ಪದಾರ್ಥ ಕಾಣುತ್ತದೆ. ಬಿಸಿ ತಾಗಿದರೆ ಅರಗು ಮೆತ್ತಗಾಗಿ ತಗಡು ನೆಗ್ಗುತ್ತದೆ. ಮೂರನೆಯದು, ಮರದ ಮೇಲೆ ಬೆಳ್ಳಿ ಹೊದಿಸಿದ ಮಣೆ, ಮಂಟಪ. ನೀರು ಒಳಗಿಳಿದರೆ ಮರ ಉಬ್ಬಿ ತಗಡಿನ ಮೊಳೆಗಳು ಸಡಿಲವಾಗುತ್ತವೆ. ಈ ಮೂರನ್ನೂ ಪಕ್ಕಕ್ಕಿಡಿ.

ಇನ್ನೆರಡು ವಸ್ತುಗಳನ್ನು ಹುಳಿಯಿಂದ ದೂರವೇ ಇಡಬೇಕು. ತಲೆಮಾರುಗಳಿಂದ ಅಭಿಷೇಕ ಕಂಡು ಕಪ್ಪುಗಂದಾದ ಪಂಚಲೋಹದ ಮೂರ್ತಿಯ ಮುಖದ ಗೆರೆಗಳು ಉಜ್ಜಿದಷ್ಟೂ ಸವೆದು ಹೋಗುತ್ತವೆ. ಬೆಚ್ಚಗಿನ ನೀರು, ಸೀಗೆಪುಡಿ, ಮೆತ್ತನೆಯ ಬಟ್ಟೆ ಅದಕ್ಕೆ ಸಾಕು. ಇನ್ನೊಂದು ಬಿದರಿ ಕೆಲಸದ ಹೂದಾನಿ, ತಟ್ಟೆ. ಬೀದರಿನ ಕುಶಲಕರ್ಮಿಗಳು ಅಲ್ಲಿನ ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕುದಿಸಿ ಅದಕ್ಕೆ ಆ ಕಡುಕಪ್ಪು ತಂದಿರುತ್ತಾರೆ. ಕಪ್ಪಿನ ನಡುವೆ ಬೆಳ್ಳಿ ಎಳೆ ಮಿನುಗುವುದೇ ಬಿದರಿಯ ಚೆಲುವು. ಕೊಳೆ ಎಂದುಕೊಂಡು ಹುಣಸೆಹಣ್ಣಿನಲ್ಲಿ ತಿಕ್ಕಿದರೆ ಆ ಕಪ್ಪು ಕೆಡುತ್ತದೆ. ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಒಣಬಟ್ಟೆಯಲ್ಲಿ ಒರೆಸಿ.

ಬುಧವಾರ ಬೆಳಗ್ಗೆ: ಹಿತ್ತಾಳೆ

ದೀಪದ ಕಂಬದ ಮೇಲೆ ಎರಡು ಬಗೆಯ ಕೊಳೆ ಒಂದರ ಮೇಲೊಂದು ಕೂತಿರುತ್ತದೆ. ಲೋಹಕ್ಕೆ ಅಂಟಿಕೊಂಡಿರುವುದು ಗಾಳಿ, ತೇವದಿಂದ ಹುಟ್ಟಿದ ಕಪ್ಪು ಮತ್ತು ಹಸಿರು ಕಿಲುಬು. ಅದರ ಮೇಲೆ ಎಣ್ಣೆ, ಮಸಿ, ಕುಂಕುಮ ಬೆರೆತ ಜಿಡ್ಡು. ಎಣ್ಣೆ ಶಾಖಕ್ಕೆ ಗಟ್ಟಿಯಾಗಿ ಕಂದು ಬಣ್ಣದ ಅಂಟಿನ ಪದರವಾಗಿರುತ್ತದೆ. ಹುಣಸೆಹುಳಿ ಕಿಲುಬನ್ನು ಕರಗಿಸಬಲ್ಲದು, ಜಿಡ್ಡನ್ನು ಕರಗಿಸಲಾರದು. ಜಿಡ್ಡಿನ ಮೇಲೆಯೇ ಹುಳಿ ಹಚ್ಚಿದರೆ ಅದು ಲೋಹವನ್ನು ಮುಟ್ಟುವುದೇ ಇಲ್ಲ. ಜಿಡ್ಡು ತೆಳುವಾಗಿದ್ದಲ್ಲಿ ಬೆಳಗುತ್ತದೆ, ದಪ್ಪಗಿದ್ದಲ್ಲಿ ಹಾಗೇ ಉಳಿಯುತ್ತದೆ. ತೊಳೆದ ದೀಪ ಪಟ್ಟೆಪಟ್ಟೆಯಾಗಿ ಕಾಣುವುದು ಇದರಿಂದ.

ಹಾಗಾಗಿ ಮೊದಲು ಜಿಡ್ಡು. ದೀಪದ ಕಂಬದ ಭಾಗಗಳನ್ನು ತಿರುಪು ಬಿಚ್ಚಿ ಬೇರೆ ಮಾಡಿ. ಹಸಿ ಎಣ್ಣೆ ಇದ್ದರೆ ಕಡಲೆಹಿಟ್ಟು ಅಥವಾ ಅಕ್ಕಿಹಿಟ್ಟು ಉದುರಿಸಿ ಒರೆಸಿ, ಹಿಟ್ಟು ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಬಳಿಕ ಪ್ಲಾಸ್ಟಿಕ್ ಅಥವಾ ಸ್ಟೀಲ್ ಬಕೆಟ್ಟಿನಲ್ಲಿ ಲೀಟರಿಗೆ ಒಂದು ದೊಡ್ಡ ಚಮಚದಂತೆ ವಾಷಿಂಗ್ ಸೋಡಾ ಕದಡಿದ ಬಿಸಿನೀರಿಗೆ ಹಾಕಿ ಇಪ್ಪತ್ತು ನಿಮಿಷ ಬಿಡಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾ ಅದನ್ನು ತಿನ್ನುತ್ತದೆ. ಕೈಗೆ ಗ್ಲೌಸ್ ಇರಲಿ. ಸೋಡಾ ಬೇಡವೆನ್ನುವವರು ಅಂಟುವಾಳ ಅಥವಾ ಸೀಗೆಪುಡಿಯ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಹಾಕಬಹುದು. ನೆಂದ ಜಿಡ್ಡನ್ನು ಬಿದಿರು ಕಡ್ಡಿ, ಹಳೆಯ ಟೂತ್ ಬ್ರಷ್ಷಿನಿಂದ ಎಬ್ಬಿಸಿ ತೆಗೆಯಿರಿ. ಚಾಕು, ಸ್ಟೀಲ್ ಉಂಡೆ ಬೇಡ, ಆ ಗೀರುಗಳು ಮತ್ತೆ ಹೋಗುವುದಿಲ್ಲ. ತೊಳೆದ ಮೇಲೆ ನೀರು ಸುರಿದು ನೋಡಿ. ನೀರು ಹನಿ ಹನಿಯಾಗಿ ಒಡೆಯದೆ ಹಾಳೆಯಂತೆ ಹರಡಿ ಇಳಿದರೆ ಜಿಡ್ಡು ಪೂರ್ತಿ ಹೋಗಿದೆ.

ಈಗ ಹುಳಿ. ನಿಂಬೆಗಾತ್ರದ ಹುಣಸೆಹಣ್ಣನ್ನು ಅರ್ಧ ಲೋಟ ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿ ಕಿವುಚಿ, ಬೀಜ ತೆಗೆಯಿರಿ. ಒಂದು ಚಮಚ ಪುಡಿ ಉಪ್ಪು, ದೋಸೆ ಹಿಟ್ಟಿನ ಹದಕ್ಕೆ ಬರುವಷ್ಟು ಅಕ್ಕಿಹಿಟ್ಟು ಸೇರಿಸಿ. ಹಿಟ್ಟು ಸೇರಿಸುವುದು ಹುಳಿ ಜಾರಿಹೋಗದೆ ಕಂಬಕ್ಕೆ ಹಿಡಿದು ನಿಲ್ಲಲಿ ಎಂದು. ಮೇಲಾಗಿ ಅದು ನಯವಾಗಿ ಉಜ್ಜಿಯೂ ಕೊಡುತ್ತದೆ. ಕರಾವಳಿಯಲ್ಲಿ ಬಿಂಬುಳಿ ಜಜ್ಜಿ ಹಚ್ಚುತ್ತಾರೆ, ಕೆಲವೆಡೆ ಹುಳಿ ಮಜ್ಜಿಗೆ ಬಳಸುತ್ತಾರೆ. ಎಲ್ಲದರಲ್ಲೂ ಕೆಲಸ ಮಾಡುವುದು ಆಮ್ಲವೇ.

ಒಂದೊಂದೇ ಭಾಗಕ್ಕೆ ಹಚ್ಚಿ, ಎರಡು ಮೂರು ನಿಮಿಷ ಬಿಟ್ಟು, ತೆಂಗಿನ ನಾರಿನಿಂದ ತಿಕ್ಕಿ, ತಕ್ಷಣ ತೊಳೆಯಿರಿ. ನಾರು ಒಂದೇ ದಿಕ್ಕಿನಲ್ಲಿ, ಕಂಬದ ಸುತ್ತು ಹಿಡಿದು ಓಡಲಿ. ಇಲ್ಲಿ ತಾಳ್ಮೆ ತೋರಿಸಿ ಅರ್ಧ ಗಂಟೆ ನೆನೆಯಲು ಬಿಟ್ಟರೆ ಫಲ ಉಲ್ಟಾ. ಹುಳಿಗೆ ಹಿತ್ತಾಳೆಯ ಸತು ಬೇಗ ಕರಗುತ್ತದೆ, ಮೇಲ್ಮೈಯಲ್ಲಿ ತಾಮ್ರ ಉಳಿಯುತ್ತದೆ. ಚಿನ್ನದ ಬಣ್ಣ ಹೋಗಿ ಗುಲಾಬಿ ಛಾಯೆ ಬರುವುದು ಇದರಿಂದಲೇ. ಬಂದುಬಿಟ್ಟರೆ ಗಾಬರಿ ಬೇಡ, ಆ ಪದರ ತೀರಾ ತೆಳು. ಜರಡಿ ಹಿಡಿದ ವಿಭೂತಿ ಅಥವಾ ಪಾತ್ರೆ ಅಂಗಡಿಯ ಪೀತಾಂಬರಿಯಂಥ ಪುಡಿಯನ್ನು ತುಸು ಒದ್ದೆ ಬಟ್ಟೆಯಲ್ಲಿ ತೆಗೆದುಕೊಂಡು ಉಜ್ಜಿದರೆ ಹಳದಿ ಮರಳುತ್ತದೆ.

ಬಹಳ ಮನೆಗಳಲ್ಲಿ ಕೆಲಸ ಇಲ್ಲಿಗೆ ನಿಲ್ಲುತ್ತದೆ. ದೀಪ ಎರಡೇ ದಿನಕ್ಕೆ ಮಂಕಾಗುವುದಕ್ಕೆ ಕಾರಣವೂ ಇದೇ. ಕೆತ್ತನೆಯ ಸಂದಿಯಲ್ಲಿ, ತಿರುಪಿನ ಸುರುಳಿಯಲ್ಲಿ ಹುಳಿ, ಉಪ್ಪು ಉಳಿದುಬಿಟ್ಟಿರುತ್ತದೆ. ಶ್ರಾವಣ ಮಳೆಗಾಲದ ತಿಂಗಳು, ಗಾಳಿಯಲ್ಲಿ ತೇವ ತುಂಬಿರುತ್ತದೆ. ಉಪ್ಪು ಆ ತೇವವನ್ನು ಎಳೆದುಕೊಂಡು ರಾತ್ರೋರಾತ್ರಿ ಹೊಸ ಕಿಲುಬು ಹುಟ್ಟಿಸುತ್ತದೆ. ಹಾಗಾಗಿ ಹುಳಿ ತೊಳೆದ ಮೇಲೆ ಒಂದು ಬಕೆಟ್ ನೀರಿಗೆ ಎರಡು ಚಮಚ ಅಡುಗೆ ಸೋಡಾ ಕದಡಿ, ಅದರಲ್ಲಿ ಅದ್ದಿ ಸಂದಿಗಳನ್ನು ಬ್ರಷ್ಷಿನಿಂದ ಉಜ್ಜಬೇಕು. ಸೋಡಾ ಹುಳಿಯನ್ನು ಕೊಲ್ಲುತ್ತದೆ. ಆಮೇಲೆ ಒಳ್ಳೆಯ ನೀರಿನಲ್ಲಿ ಕೊನೆಯ ತೊಳೆತ. ಬೋರ್‌ವೆಲ್ ನೀರು ಗಡಸಾಗಿದ್ದರೆ ಒಣಗಿದ ಹನಿಯೆಲ್ಲ ಬಿಳಿ ಚುಕ್ಕೆಯಾಗುತ್ತದೆ. ಕೊನೆಯ ಚೊಂಬು ನೀರಾದರೂ ಕುಡಿಯುವ ಫಿಲ್ಟರ್ ನೀರಾಗಿರಲಿ.

ತೊಳೆದದ್ದನ್ನು ತಾನಾಗಿ ಒಣಗಲು ಬಿಡಬೇಡಿ. ಕೈಯಲ್ಲಿರುವಾಗಲೇ ಹಳೆಯ ಹತ್ತಿ ಬಟ್ಟೆಯಿಂದ ಒರೆಸಿ, ಬಿಸಿಲಿಲ್ಲದಿದ್ದರೆ ಫ್ಯಾನಿನ ಕೆಳಗೆ ತಲೆಕೆಳಗಾಗಿ ಇಡಿ. ದೀಪದ ತಳದೊಳಗೆ, ಗಂಟೆಯ ಹಿಡಿಯೊಳಗೆ ನೀರು ಸೇರಿಕೊಂಡಿರುತ್ತದೆ. ಪೂರ್ತಿ ಆರಿದ ಮೇಲೆ ಎರಡು ಹನಿ ಕೊಬ್ಬರಿ ಎಣ್ಣೆಯನ್ನು ಬಟ್ಟೆಗೆ ಹಾಕಿ ಇಡೀ ಕಂಬಕ್ಕೆ ಸವರಿ, ಇನ್ನೊಂದು ಒಣಬಟ್ಟೆಯಿಂದ ಎಣ್ಣೆ ಕಾಣದಂತೆ ಒರೆಸಿ. ಕಣ್ಣಿಗೆ ಕಾಣದ ಆ ತೆಳು ಪದರ ತೇವಕ್ಕೂ ಬೆರಳಿನ ಬೆವರಿಗೂ ಅಡ್ಡ ನಿಲ್ಲುತ್ತದೆ. ಹೆಚ್ಚಾದರೆ ಧೂಳು ಅಂಟುತ್ತದೆ, ಅದಕ್ಕೇ ಒರೆಸಬೇಕು. ಬಿಂದಿಗೆಯಂಥ ಬೆಂಕಿ, ಆಹಾರ ಎರಡೂ ಮುಟ್ಟದ ಸಾಮಾನಿಗೆ ಎಣ್ಣೆಯ ಬದಲು ಜೇನುಮೇಣ ಸವರಿದರೆ ಹೊಳಪು ಇನ್ನೂ ಹೆಚ್ಚು ದಿನ ನಿಲ್ಲುತ್ತದೆ.

ಬುಧವಾರ ಮಧ್ಯಾಹ್ನ: ಬೆಳ್ಳಿ

ಬೆಳ್ಳಿ ಕಪ್ಪಾಗುವ ಕಾರಣವೇ ಬೇರೆ. ಗಾಳಿಯಲ್ಲಿ ಚೂರುಪಾರು ಇರುವ ಗಂಧಕದ ಅನಿಲ ಬೆಳ್ಳಿಯ ಜೊತೆ ಕೂಡಿ ಸಿಲ್ವರ್ ಸಲ್ಫೈಡ್ ಎಂಬ ಕಪ್ಪು ಪದರವಾಗುತ್ತದೆ. ಈ ಪದರದಲ್ಲಿರುವುದು ನಿಮ್ಮದೇ ಬೆಳ್ಳಿ. ಪುಡಿ ಹಾಕಿ ಉಜ್ಜಿ ತೆಗೆದಾಗ ಕಪ್ಪಿನ ಜೊತೆ ಆ ಬೆಳ್ಳಿಯೂ ಬಟ್ಟೆಗೆ ಹೋಗುತ್ತದೆ. ವರ್ಷಕ್ಕೆ ಒಂದೆರಡು ಸಲ ಹಗುರವಾಗಿ ಉಜ್ಜಿದರೆ ಗಮನಕ್ಕೆ ಬರುವಷ್ಟು ಸವೆಯುವುದಿಲ್ಲ, ಆದರೆ ಗರಗಸು ಪುಡಿ ಹಾಕಿ ವಾರವಾರ ತಿಕ್ಕಿದರೆ ಕೆತ್ತನೆ ಮಾಸುತ್ತದೆ.

ಬೆಳ್ಳಿ ಮೆತ್ತನೆಯ ಲೋಹ. ಇಟ್ಟಿಗೆ ಪುಡಿ, ರಂಗೋಲಿ ಪುಡಿ, ಪಾತ್ರೆ ಉಜ್ಜುವ ಸಬೀನಾ ಯಾವುದೂ ಅದಕ್ಕೆ ಸಲ್ಲದು. ಟೂತ್ ಪೇಸ್ಟ್ ಬಳಸುವವರು ಬಹಳ. ಕೆಲವು ಪೇಸ್ಟುಗಳಲ್ಲಿರುವ ಗಡಸು ಕಣಗಳು ಕನ್ನಡಿಯಂಥ ಮೈಯ ಮೇಲೆ ಸಣ್ಣ ಗೀರು ಬಿಡುತ್ತವೆ, ಬೆಳಕಿಗೆ ಹಿಡಿದು ಓರೆ ಮಾಡಿದರೆ ಅವು ಕಾಣುತ್ತವೆ. ನಮ್ಮ ಅಜ್ಜಿಯರು ಕೈಗೆತ್ತಿಕೊಳ್ಳುತ್ತಿದ್ದ ವಿಭೂತಿಯೇ ಮೇಲು. ವಿಭೂತಿ ಗಟ್ಟಿಯನ್ನು ಪುಡಿ ಮಾಡಿ ತೆಳುಬಟ್ಟೆಯಲ್ಲಿ ಸೋಸಿ. ಬೆರಳ ನಡುವೆ ಉಜ್ಜಿದರೆ ಮರಳಿನ ಕಣ ತಗಲಬಾರದು. ಅದನ್ನು ನೀರಿನಲ್ಲಿ ಕಲಸಿ, ಹಳೆಯ ಮಲ್ ಬಟ್ಟೆಯಿಂದ ಹಗುರವಾಗಿ ಒರೆಸಿ ತೊಳೆಯಿರಿ. ಕುಂಕುಮದ ಬಟ್ಟಲು, ಪಂಚಪಾತ್ರೆ ಇಷ್ಟರಲ್ಲೇ ಬೆಳ್ಳಗಾಗುತ್ತವೆ.

ಕಲಶದ ಚೊಂಬಿನಂಥ ನಯವಾದ, ಗಟ್ಟಿ ಬೆಳ್ಳಿಯ ಸಾಮಾನು ಪೂರ್ತಿ ಕಪ್ಪಾಗಿದ್ದರೆ ಇನ್ನೊಂದು ದಾರಿ ಇದೆ. ಅಗಲದ ಪ್ಲಾಸ್ಟಿಕ್ ಟಬ್ಬಿನೊಳಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಹಾಸಿ. ಚೊಂಬನ್ನು ಮೊದಲು ಸೋಪಿನಲ್ಲಿ ತೊಳೆದು ಜಿಡ್ಡು ತೆಗೆದು, ಫಾಯಿಲ್ಲಿಗೆ ತಾಗುವಂತೆ ಅದರ ಮೇಲಿಡಿ. ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾದಂತೆ ಕದಡಿದ ಚೆನ್ನಾಗಿ ಕಾದ ನೀರನ್ನು ಅದು ಮುಳುಗುವಷ್ಟು ಹುಯ್ಯಿರಿ. ಗಂಧಕ ಬೆಳ್ಳಿಯನ್ನು ಬಿಟ್ಟು ಅಲ್ಯೂಮಿನಿಯಂ ಕಡೆಗೆ ಹೋಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಚೊಂಬಿನಲ್ಲಿ ಉಳಿಯುತ್ತದೆ. ಕೊಳೆತ ಮೊಟ್ಟೆಯಂಥ ವಾಸನೆ ಬಂದರೆ ಕೆಲಸ ನಡೆಯುತ್ತಿದೆ ಎಂದು ಗುರುತು, ಕಿಟಕಿ ತೆರೆದಿಡಿ. ಎರಡರಿಂದ ಐದು ನಿಮಿಷ ಸಾಕು. ಏನೂ ಆಗದಿದ್ದರೆ ನೀರು ತಣಿದಿದೆ, ಇಲ್ಲವೇ ಚೊಂಬು ಫಾಯಿಲ್ಲಿಗೆ ತಾಗಿಲ್ಲ.

ಈ ವಿಧಾನಕ್ಕೆ ಮಿತಿಗಳಿವೆ. ಹೊರಬಂದ ಬೆಳ್ಳಿ ತುಸು ಮಂಕು ಬಿಳುಪಾಗಿರುತ್ತದೆ, ಒಣಬಟ್ಟೆಯಿಂದ ನಯವಾಗಿ ಒರೆಸಿದ ಮೇಲೆಯೇ ಹೊಳಪು. ಕೆತ್ತನೆಯ ಆಳದಲ್ಲಿರುವ ಕಪ್ಪನ್ನೂ ಇದು ತೆಗೆದುಬಿಡುತ್ತದೆ. ಪನ್ನೀರುದಾನಿಯ ಮೇಲಿನ ಬಳ್ಳಿ, ಗಿಣಿ, ಹೂವಿನ ಎಸಳುಗಳು ಎದ್ದು ಕಾಣುವುದೇ ಸಂದಿಯ ಆ ನೆರಳಿನಿಂದ. ಅದು ಹೋದರೆ ಇಡೀ ಸಾಮಾನು ಚಪ್ಪಟೆಯಾಗಿ ಕಾಣುತ್ತದೆ. ಹಾಗಾಗಿ ಕೆತ್ತನೆ ಇರುವುದನ್ನು ಟಬ್ಬಿಗೆ ಹಾಕದೆ, ಉಬ್ಬಿದ ಭಾಗವನ್ನು ಮಾತ್ರ ವಿಭೂತಿಯಲ್ಲಿ ಬೆಳಗಿ, ತಗ್ಗನ್ನು ಹಾಗೇ ಬಿಡಿ. ಹಜಾರದಲ್ಲಿ ಆರಡಿ ದೂರದಿಂದ ನೋಡುವವರಿಗೂ ಆಗ ಕೆಲಸದ ಕುಸುರಿ ಕಾಣುತ್ತದೆ. ಹರಳಿನ, ಅರಗಿನ, ಮರದ ಮೇಲಿನ, ಚಿನ್ನದ ಮುಲಾಮಿನ ಸಾಮಾನಿಗೂ ಈ ಟಬ್ಬು ಬೇಡ.

ಅಮ್ಮನವರ ಮುಖವನ್ನು ಎಡಗೈಯಲ್ಲಿ ಮೆತ್ತನೆ ಬಟ್ಟೆಯ ಮೇಲಿಟ್ಟುಕೊಳ್ಳಿ. ಹತ್ತಿಕಡ್ಡಿಯನ್ನು ವಿಭೂತಿ ನೀರಿನಲ್ಲಿ ಅದ್ದಿ ಕೆನ್ನೆ, ಹಣೆ, ಕಿರೀಟವನ್ನು ಒರೆಸಿ, ಕಣ್ಣಿನ ಬಣ್ಣ ಮತ್ತು ಹರಳಿನ ಅಂಚನ್ನು ತಪ್ಪಿಸಿ. ಇನ್ನೊಂದು ಹತ್ತಿಕಡ್ಡಿಯಲ್ಲಿ ಬರೀ ನೀರು, ಕೊನೆಗೆ ಒಣಬಟ್ಟೆ. ಮೂಗಿನ ಪಕ್ಕದಲ್ಲಿ, ತುಟಿಯ ಗೆರೆಯಲ್ಲಿ ಪುಡಿ ಉಳಿದರೆ ಒಣಗಿದ ಮೇಲೆ ಬಿಳಿಯಾಗಿ ಕಾಣುತ್ತದೆ. ಮೆತ್ತನೆಯ ಒಣ ಬ್ರಷ್ಷಿನಿಂದ ಝಾಡಿಸಿ.

ಮನೆಯಲ್ಲಿ ಆಗದಷ್ಟು ಕಪ್ಪಾಗಿದ್ದರೆ ಪರಿಚಯದ ಬೆಳ್ಳಿ ಅಂಗಡಿಗೆ ಕೊಡಿ. ಕೊಡುವಾಗಲೂ ತರುವಾಗಲೂ ನಿಮ್ಮೆದುರೇ ತೂಕ ಹಾಕಿಸಿ ಚೀಟಿಯಲ್ಲಿ ಬರೆಸಿಕೊಳ್ಳಿ. ಬಾಗಿಲಿಗೆ ಬಂದು ದ್ರಾವಣದಲ್ಲಿ ಅದ್ದಿ ಬೆಳಗಿಕೊಡುತ್ತೇವೆ ಎನ್ನುವವರಿಗೆ ಮಾತ್ರ ಕೊಡಬೇಡಿ, ಲೋಹವನ್ನೇ ಕರಗಿಸಿಕೊಂಡು ಹೋಗುವ ಮೋಸ ಇದೇ ದಾರಿಯಲ್ಲಿ ನಡೆಯುತ್ತದೆ.

ಗುರುವಾರ ಸಂಜೆ: ಕೂರಿಸುವುದು

ಬೆಳಗಿದ ಲೋಹಕ್ಕೆ ಸ್ವಂತ ಬಣ್ಣ ಕಡಿಮೆ, ಅದು ಎದುರಿಗಿರುವುದನ್ನು ತೋರಿಸುತ್ತದೆ. ಬಿಳಿ ಗೋಡೆಯ ಮುಂದೆ ಬಿಳಿ ಟ್ಯೂಬ್‌ಲೈಟಿನ ಕೆಳಗೆ ಇಟ್ಟ ಬೆಳ್ಳಿ ಕಲಶ ಗೋಡೆಯಲ್ಲೇ ಕರಗಿಹೋಗುತ್ತದೆ. ಹಿಂದೆ ಗಾಢ ಬಣ್ಣದ ರೇಷ್ಮೆ ಸೀರೆ ಇಳಿಬಿಡಿ, ಕಡುಹಸಿರೋ ಮೆರೂನೋ ಆದರೆ ಬೆಳ್ಳಿಯ ಅಂಚು ಸ್ಪಷ್ಟವಾಗಿ ಎದ್ದು ನಿಲ್ಲುತ್ತದೆ. ಹಿತ್ತಾಳೆಗೆ ಹಸಿರು ಒಗ್ಗುತ್ತದೆ. ಮಾವಿನೆಲೆ, ಬಾಳೆಕಂದಿನ ಮುಂದೆ ನಿಂತ ದೀಪದ ಕಂಬಕ್ಕೆ ಬೇರೆ ಅಲಂಕಾರ ಬೇಡ. ಹಿತ್ತಾಳೆಯ ಮೇಲೆ ಚೆಂಡುಹೂವಿನ ಹಾರ ಸುತ್ತುವುದು ವಾಡಿಕೆ, ಆದರೆ ಹಳದಿಯಲ್ಲಿ ಹಳದಿ ಬೆರೆತು ಎರಡೂ ಕಳೆದುಹೋಗುತ್ತವೆ. ಅಲ್ಲಿ ಬಿಳಿ ಸೇವಂತಿಗೆ, ಸುಗಂಧರಾಜ ಇರಲಿ. ಚೆಂಡುಹೂ ಬೆಳ್ಳಿಯ ಪಕ್ಕಕ್ಕೆ ಹೋಗಲಿ, ಕೆಂದಾವರೆ ಸಿಕ್ಕರೆ ಇನ್ನೂ ಚೆನ್ನ.

ಬೆಳಕು ಮುಂದಿನಿಂದ, ತುಸು ಮೇಲಿನಿಂದ ಬೀಳಬೇಕು. ಕಲಶದ ಹಿಂದೆ ಸೀರಿಯಲ್ ಸೆಟ್ಟಿನ ದೀಪ ಹಾಕಿದರೆ ಅಮ್ಮನವರ ಮುಖ ನೆರಳಿಗೆ ಹೋಗುತ್ತದೆ. ಹಳದಿ ಛಾಯೆಯ ಬಲ್ಬು ಹಿತ್ತಾಳೆಗೆ ಜೀವ ಕೊಡುತ್ತದೆ, ಬೆಳ್ಳಿಗೂ ಅದು ಕೆಡುಕಲ್ಲ. ಉರಿಯುವ ದೀಪಗಳು ಕಲಶದಿಂದ ಎರಡಡಿಯಾದರೂ ಪಕ್ಕಕ್ಕೆ, ಸೀರೆಯ ಸೆರಗಿನಿಂದ ದೂರ ಇರಲಿ. ಬೆಂಕಿಯ ಭಯ ಒಂದು ಕಡೆ, ಮಸಿ ಇನ್ನೊಂದು ಕಡೆ. ಕರ್ಪೂರದ ಹೊಗೆಯ ಮಸಿ ಬೆಳ್ಳಿಯ ಮೇಲೆ ನೇರವಾಗಿ ಕೂರುತ್ತದೆ, ಹಾಗಾಗಿ ಆರತಿ ತಟ್ಟೆ ಹಿತ್ತಾಳೆಯದೇ ಇರಲಿ.

ಕಲಶಕ್ಕೆ ಸೀರೆ ಉಡಿಸುವಾಗ ನೆರಿಗೆ ನಿಲ್ಲಲೆಂದು ರಬ್ಬರ್ ಬ್ಯಾಂಡ್ ಹಾಕುವ ಅಭ್ಯಾಸ ಬಂದಿದೆ. ಕುತ್ತಿಗೆಯ ಕಪ್ಪು ಗೆರೆಯ ಗುಟ್ಟು ಇಲ್ಲಿದೆ. ರಬ್ಬರನ್ನು ಗಟ್ಟಿ ಮಾಡಲು ಗಂಧಕ ಸೇರಿಸಿರುತ್ತಾರೆ, ಬೆಳ್ಳಿಗೆ ಅದು ತಾಗಿದಲ್ಲೆಲ್ಲ ಕಪ್ಪು ಮೂಡುತ್ತದೆ. ಅರಿಶಿನ ಹಚ್ಚಿದ ಹತ್ತಿ ದಾರದಿಂದ ಕಟ್ಟಿ, ನೆರಿಗೆಯೂ ನಿಲ್ಲುತ್ತದೆ, ಶಾಸ್ತ್ರವೂ ಆಗುತ್ತದೆ. ಉಣ್ಣೆಯಲ್ಲೂ ಗಂಧಕವಿದೆ, ಕಲಶದ ಕೆಳಗೆ ಉಣ್ಣೆಯ ಆಸನದ ಬದಲು ಅಕ್ಕಿ ಹರಡಿದ ಬಾಳೆಎಲೆ ಸರಿ. ಬೆಳ್ಳಿ ತಟ್ಟೆಯಲ್ಲಿ ಒದ್ದೆ ಕುಂಕುಮ, ಒದ್ದೆ ಹೂವನ್ನು ನೇರವಾಗಿ ಇಡದೆ ಕೆಳಗೆ ವೀಳ್ಯದೆಲೆ ಹಾಸಿದರೆ ಕಲೆ ಉಳಿಯುವುದಿಲ್ಲ.

ಉರುಳಿಯನ್ನು ಬಾಗಿಲ ಬಳಿ ಇಟ್ಟು ನೀರು ತುಂಬಿ ಹೂ ತೇಲಿಬಿಡುವುದು ಈಗ ಎಲ್ಲ ಕಡೆ ರೂಢಿ. ರಾತ್ರಿಯಿಡೀ ನೀರು ನಿಂತರೆ ಅದರ ಮಟ್ಟದಲ್ಲಿ ಒಂದು ಉಂಗುರ ಮೂಡುತ್ತದೆ. ತುಂಬುವ ಮೊದಲು ಒಳಗೆ ತೆಳುವಾಗಿ ಎಣ್ಣೆ ಸವರಿ, ಬೆಳಗ್ಗೆ ತುಂಬಿದ್ದನ್ನು ರಾತ್ರಿ ಖಾಲಿ ಮಾಡಿ ಒರೆಸಿಡಿ. ನಿಂಬೆಹೋಳು ತೇಲಿಬಿಡಬೇಡಿ, ಅದು ಹುಳಿಯೇ. ಅಜ್ಜಿಯ ಬಿಂದಿಗೆ ಒಳ್ಳೆಯ ಹೂದಾನಿಯಾಗುತ್ತದೆ. ನೀರನ್ನು ಅದಕ್ಕೇ ಹುಯ್ಯದೆ, ಒಳಗೊಂದು ಗಾಜಿನ ಲೋಟ ಇಳಿಸಿ ಅದರಲ್ಲಿ ನೀರು, ಹೂವು ಇಡಿ. ಹಿತ್ತಾಳೆ ಹರಿವಾಣದ ಮೇಲೆ ಬೆಳ್ಳಿಯ ಕುಂಕುಮದ ಬಟ್ಟಲು, ಪನ್ನೀರುದಾನಿ, ವೀಳ್ಯದೆಲೆ ಅಡಿಕೆ ಜೋಡಿಸಿ ಹೊಸ್ತಿಲ ಹತ್ತಿರ ಇಟ್ಟರೆ ಬಂದವರನ್ನು ಸ್ವಾಗತಿಸಲೂ ತಾಂಬೂಲ ಕೊಡಲೂ ಅದೇ ಆಯಿತು.

ಒಂದು ಎಚ್ಚರಿಕೆ. ನೋಟಕ್ಕೆ ಚೆನ್ನಾಗಿದೆ ಎಂದು ಪಂಚಾಮೃತವನ್ನು ಹಿತ್ತಾಳೆ ಬಟ್ಟಲಿನಲ್ಲಿಡಬೇಡಿ. ಮೊಸರಿನ ಹುಳಿಗೆ ತಾಮ್ರ, ಸತು ಬಿಟ್ಟುಕೊಂಡು ರುಚಿಯೂ ಕೆಡುತ್ತದೆ, ಹೊಟ್ಟೆಯೂ ಕೆಡುತ್ತದೆ. ಅದಕ್ಕೆ ಬೆಳ್ಳಿಯೋ ಸ್ಟೀಲೋ ಇರಲಿ. ಮೇಣ ಸವರಿದ, ಲ್ಯಾಕರ್ ಇರುವ ಸಾಮಾನಿನಲ್ಲಿ ತೀರ್ಥ, ಪ್ರಸಾದ ಯಾವುದೂ ಬೇಡ.

ಶನಿವಾರ: ಎತ್ತಿಡುವ ಮೊದಲು

ವಿಸರ್ಜನೆಯಾದ ದಿನವೇ ಹತ್ತು ನಿಮಿಷದ ಕೆಲಸವೊಂದಿದೆ. ಅದನ್ನು ಬಿಟ್ಟರೆ ಮುಂದಿನ ಹಬ್ಬಕ್ಕೆ ಅರ್ಧ ದಿನ ಹಿಡಿಯುತ್ತದೆ. ಕುಂಕುಮ, ಅರಿಶಿನವನ್ನು ಮೊದಲು ಒಣ ಬ್ರಷ್ಷಿನಿಂದ ಉದುರಿಸಿ, ಒದ್ದೆ ಮಾಡಿದರೆ ಅದು ಸಂದಿಗಿಳಿಯುತ್ತದೆ. ದೀಪದ ಎಣ್ಣೆಯನ್ನು ಬೆಚ್ಚಗಿರುವಾಗಲೇ ಸುರಿದು ಹಿಟ್ಟಿನಿಂದ ಒರೆಸಿ. ಹಸಿ ಎಣ್ಣೆ ಒಂದೇ ಒರೆತಕ್ಕೆ ಹೋಗುತ್ತದೆ, ಒಣಗಿ ಅಂಟಾದ ಮೇಲೆ ಮತ್ತೆ ಸೋಡಾ ಬೇಕು. ಆಮೇಲೆ ಎಲ್ಲವನ್ನೂ ಸೋಪಿನ ನೀರಿನಲ್ಲಿ ತೊಳೆದು ಒರೆಸಿ ಆರಿಸಿ. ಮುಳುಗಿಸಬಾರದೆಂದು ಪಕ್ಕಕ್ಕಿಟ್ಟ ಸಾಮಾನಿಗೆ ಮಾತ್ರ ಒದ್ದೆ ಬಟ್ಟೆ, ಒಣಬಟ್ಟೆ. ಹುಳಿ ಯಾವುದಕ್ಕೂ ಬೇಡ.

ಬೆಳ್ಳಿಯನ್ನು ಒಂದೊಂದಾಗಿ ತೊಳೆದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗಾಳಿಯಾಡದ ಜಿಪ್ ಚೀಲದಲ್ಲಿ ಹಾಕಿ, ಒಂದು ತುಂಡು ಸೀಮೆಸುಣ್ಣ ಅಥವಾ ಸಿಲಿಕಾ ಜೆಲ್ ಪೊಟ್ಟಣ ಸೇರಿಸಿ, ತೇವವನ್ನು ಅದು ಹೀರುತ್ತದೆ. ಪತ್ರಿಕೆಯ ಕಾಗದದಲ್ಲಿ ಸುತ್ತಬೇಡಿ, ರಬ್ಬರ್ ಬ್ಯಾಂಡ್ ಇಲ್ಲೂ ಬೇಡ. ಹಿತ್ತಾಳೆ ಮತ್ತು ಬೆಳ್ಳಿ ಬೇರೆ ಬೇರೆ ಡಬ್ಬಗಳಲ್ಲಿರಲಿ, ಒಟ್ಟಿಗಿದ್ದರೆ ಗಡಸು ಹಿತ್ತಾಳೆ ಮೆತ್ತನೆಯ ಬೆಳ್ಳಿಯನ್ನು ಗೀರುತ್ತದೆ. ಹರಳಿನದು, ಅರಗಿನದು, ಮುಲಾಮಿನದು ಯಾವುದೆಂದು ಒಂದು ಚೀಟಿಯಲ್ಲಿ ಬರೆದು ಚೀಲದೊಳಗೆ ಹಾಕಿಬಿಡಿ, ಮುಂದಿನ ಸಲ ಯಾರು ತೆಗೆದರೂ ತಿಳಿಯುತ್ತದೆ. ಗೌರಿ ಹಬ್ಬಕ್ಕೆ ಇನ್ನು ಸುಮಾರು ಮೂರು ವಾರ. ಹೀಗೆ ಎತ್ತಿಟ್ಟ ಬೆಳ್ಳಿಗೆ ಆಗ ಒಂದು ಒಣಬಟ್ಟೆ, ಹಿತ್ತಾಳೆಗೆ ಎರಡು ಹನಿ ಎಣ್ಣೆ ಸಾಕಾಗುತ್ತದೆ.